ಕಂಬಿ ಹಿಡಿದ ಕೈ, ಊರು ಸುತ್ತುವ ಮನಸ್ಸು

ಹೆಬ್ಬಾಳದಿಂದ ಹೊರವರ್ತುಲ ರಸ್ತೆ ಹಿಡಿದು ಸಿಲ್ಕ್ ಬೋರ್ಡಿಗೆ ಹೋಗುವ 500-ಡಿ ಬಸ್ಸು ಬೆಳಗಿನ ಹೊತ್ತು ನಾಗವಾರ ದಾಟುವಷ್ಟರಲ್ಲೇ ತುಂಬಿರುತ್ತದೆ. ಹೆಣ್ಣೂರು ಕ್ರಾಸಿನಲ್ಲಿ ಇನ್ನಷ್ಟು ಜನ ಹತ್ತುತ್ತಾರೆ. ಕಂಡಕ್ಟರ್ "ಮುಂದೆ ಹೋಗ್ರೀ, ಮುಂದೆ ಜಾಗ ಇದೆ" ಎನ್ನುತ್ತಾರೆ, ಇಲ್ಲದ ಜಾಗವೂ ಹೇಗೋ ಆಗುತ್ತದೆ. ಟಿನ್ ಫ್ಯಾಕ್ಟರಿ ಬರುವ ಹೊತ್ತಿಗೆ ಒಬ್ಬರ ಮೊಣಕೈ ಇನ್ನೊಬ್ಬರ ಬೆನ್ನಿಗೆ, ಮತ್ತೊಬ್ಬರ ಟಿಫನ್ ಬ್ಯಾಗು ನಮ್ಮ ಮಂಡಿಗೆ ತಾಗಿಕೊಂಡಿರುತ್ತದೆ. ಆಗ ಸುಮ್ಮನೆ ಸುತ್ತಲಿನ ಮುಖಗಳನ್ನು ನೋಡಬೇಕು. ಅರ್ಧದಷ್ಟು ಜನ ಆ ಬಸ್ಸಿನಲ್ಲಿ ಇರುವುದೇ ಇಲ್ಲ. ಕಣ್ಣು ತೆರೆದಿರುತ್ತದೆ, ಕಾಣುತ್ತಿರುವುದು ಬೇರೆ ಏನೋ.

ಬಸ್ಸಿನ ನೂಕುನುಗ್ಗಲನ್ನು ಕಷ್ಟವೆಂದೇ ಎಲ್ಲರೂ ಬರೆಯುತ್ತಾರೆ, ಅದು ಕಷ್ಟವೇ. ಸುಮಾರು 30 ಕಿಲೋಮೀಟರಿನ ಈ ದಾರಿಗೆ ಕೆಲವು ದಿನ ಎರಡು ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ನಿಂತ ಕಾಲಿಗೆ ಯಾವ ಸಮಾಧಾನವೂ ಒಗ್ಗದು. ಆದರೂ ಈ ದಾರಿಯಲ್ಲಿ ಓಡಾಡುತ್ತ ನನಗೆ ಒಂದು ವಿಷಯ ಗಟ್ಟಿಯಾಗಿದೆ: ಬಸ್ಸಿನಲ್ಲಿ ಮನಸ್ಸು ಅಲೆಯುವುದು ಬೇಸರದಿಂದ ಮಾತ್ರ ಅಲ್ಲ. ತುಂಬಿದ ಬಸ್ಸು ದೇಹಕ್ಕೂ ಗಮನಕ್ಕೂ ಒಡ್ಡುವ ಕೆಲಸ ಒಂದು ಅಳತೆಗೆ ಸಿಕ್ಕಿದಾಗ ಯೋಚನೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ಅಳತೆ ತಪ್ಪಿದರೆ ಬಿಚ್ಚಿಕೊಳ್ಳುವುದಿಲ್ಲ, ಇಲ್ಲವೇ ಕಹಿಯಾಗಿ ಸುತ್ತಿಕೊಳ್ಳುತ್ತದೆ.

ಮೊದಲು ಕೈಕಾಲಿನ ಕೆಲಸ ನೋಡೋಣ. ನಿಂತ ಪ್ರಯಾಣಿಕ ಮೇಲಿನ ಕಂಬಿಯನ್ನೋ ಸೀಟಿನ ಹಿಂಬದಿಯ ಹಿಡಿಯನ್ನೋ ಹಿಡಿದಿರುತ್ತಾನೆ. ಪಾದಗಳ ನಡುವೆ ಒಂದಿಷ್ಟು ಅಂತರ, ಮಂಡಿ ಕೊಂಚ ಸಡಿಲ. ಡ್ರೈವರ್ ಬ್ರೇಕ್ ಒತ್ತಿದರೆ ಬೆರಳು ಬಿಗಿಯುತ್ತದೆ, ಬಿಟ್ಟರೆ ಸಡಿಲವಾಗುತ್ತದೆ. ಒಳಕಿವಿಯ ಸಮತೋಲದ ಅಂಗ, ಅಂಗಾಲು, ಕಣ್ಣು ಮೂರೂ ಸೇರಿ ಈ ಲೆಕ್ಕ ಮಾಡುತ್ತವೆ, ನಮ್ಮನ್ನು ಕೇಳುವುದಿಲ್ಲ. ಹೊಸಬನಿಗೆ ಮೊದಲ ವಾರ ಇದೇ ದೊಡ್ಡ ಕೆಲಸ. ರೂಢಿಯಾದವನಿಗೆ ಇದು ಕೆಲಸವೆಂದೇ ಅನ್ನಿಸುವುದಿಲ್ಲ. ಹಾಗೆಂದು ಪೂರಾ ಬಿಡುವೂ ಅಲ್ಲ, ನಿದ್ದೆಗೆ ಜಾರದಷ್ಟು ಎಚ್ಚರವನ್ನು ಅದು ಉಳಿಸಿರುತ್ತದೆ.

ಈ 'ಸ್ವಲ್ಪವೇ ಕೆಲಸ' ಎಂಬುದರ ಬಗ್ಗೆ 2012ರಲ್ಲಿ ಬೆಂಜಮಿನ್ ಬೇರ್ಡ್, ಜೊನಾಥನ್ ಸ್ಕೂಲರ್ ಮತ್ತು ಜೊತೆಯವರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಇಟ್ಟಿಗೆಯಂಥ ಸಾಮಾನ್ಯ ವಸ್ತುವೊಂದನ್ನು ಹೇಳಿ, ಅದರಿಂದ ಏನೇನು ವಿಚಿತ್ರ ಉಪಯೋಗ ಸಾಧ್ಯವೋ ಪಟ್ಟಿ ಮಾಡಿ ಎಂದು ಕೇಳಿದರು. ಆಮೇಲೆ ಜನರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ 12 ನಿಮಿಷ ತಲೆಗೆ ಪೂರ್ತಿ ಕೆಲಸ ಕೊಡುವ ನೆನಪಿನ ಪರೀಕ್ಷೆ, ಇನ್ನೊಂದಕ್ಕೆ ಅರೆಗಮನದಲ್ಲೇ ಮಾಡಬಹುದಾದ ಸುಲಭ ಕೆಲಸ, ಮೂರನೆಯದಕ್ಕೆ ಸುಮ್ಮನೆ ಕೂರುವುದು, ನಾಲ್ಕನೆಯದಕ್ಕೆ ಬಿಡುವೇ ಇಲ್ಲ. ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದಾಗ ಸುಲಭ ಕೆಲಸ ಮಾಡಿದವರ ಉತ್ತರಗಳು ಶೇ 40ರಷ್ಟು ಸುಧಾರಿಸಿದ್ದವು. ಉಳಿದ ಮೂರು ಗುಂಪುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಸುಮ್ಮನೆ ಕೂತವರಿಗೂ ಇರಲಿಲ್ಲ, ಇದನ್ನು ಗಮನಿಸಬೇಕು. ನಂತರ ಬೇರೆಯವರು ಮಾಡಿದ ಕೆಲವು ಪ್ರಯೋಗಗಳಲ್ಲಿ ಈ ಲಾಭ ಕಾಣಲಿಲ್ಲ, ಹಾಗಾಗಿ ಇದನ್ನು ಮುಗಿದ ಮಾತು ಎಂದು ಒಪ್ಪಿಕೊಳ್ಳಬೇಕಿಲ್ಲ. ಆದರೆ ಬಸ್ಸಿನಲ್ಲಿ ಕಾಣುವುದಕ್ಕೆ ಇದು ಹೊಂದುತ್ತದೆ. ಕಿಟಕಿ ಪಕ್ಕ ಸೀಟು ಸಿಕ್ಕವರು ಮಹದೇವಪುರ ಬರುವಷ್ಟರಲ್ಲಿ ತೂಕಡಿಸುತ್ತಾರೆ. ಹಿಂದಿನ ಬಾಗಿಲ ಫುಟ್‌ಬೋರ್ಡಿನಲ್ಲಿ ಒಂದು ಕಾಲಿನ ಮೇಲೆ ನೇತಾಡುವವರಿಗೆ ಯೋಚಿಸುವ ಪುರಸೊತ್ತಿಲ್ಲ. ಬಸ್ಸಿನ ನಡುವೆ, ಕಂಬಿ ಕೈಗೆಟುಕುವಲ್ಲಿ ನಿಂತವರ ಮುಖದಲ್ಲೇ ಆ ದೂರದ ನೋಟ ಹೆಚ್ಚು.

ಇದರ ಜೊತೆಗೆ ಇನ್ನೊಂದು ಷರತ್ತು ಇದೆ, ಅದನ್ನು ಗಂಡಸರು ಬರೆದಾಗ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಮೈ ನಿರ್ಭಯವಾಗಿದ್ದರೆ ಮಾತ್ರ ಮನಸ್ಸು ಅಲೆಯುತ್ತದೆ. ಮುಂದಿನ ಬಾಗಿಲ ಬಳಿ, ಸುತ್ತ ಹೆಂಗಸರೇ ಇರುವಲ್ಲಿ ನಿಂತಾಗ ನನ್ನ ಯೋಚನೆ ಎಲ್ಲೆಲ್ಲೋ ಹೋಗಿ ಬರುತ್ತದೆ. ಅದೇ ಬಸ್ಸಿನಲ್ಲಿ, ಅಷ್ಟೇ ಜನಸಂದಣಿಯಲ್ಲಿ, ಒಂದೆರಡು ಸಾಲು ಹಿಂದಕ್ಕೆ ತಳ್ಳಿಸಿಕೊಂಡು ಅಪರಿಚಿತ ಗಂಡಸರ ನಡುವೆ ಸಿಕ್ಕಿಕೊಂಡರೆ ಒಂದು ಯೋಚನೆಯೂ ಪೂರ್ತಿಯಾಗುವುದಿಲ್ಲ. ಬ್ಯಾಗನ್ನು ಎದೆಗೆ ಅಡ್ಡ ತಂದುಕೊಳ್ಳಬೇಕು, ಹಿಂದೆ ನಿಂತವನ ಕೈ ಎಲ್ಲಿದೆ ಎಂದು ಲೆಕ್ಕ ಇಡಬೇಕು, ಬ್ರೇಕ್ ಹಾಕದಿದ್ದರೂ ಯಾರಾದರೂ ಮೇಲೆ ವಾಲುತ್ತಿದ್ದಾರೆಯೇ ಎಂದು ನೋಡಬೇಕು. ಗಮನದ ಪೂರ್ತಿ ದುಡ್ಡು ಕಾವಲಿಗೇ ಖರ್ಚಾಗುತ್ತದೆ. ಮಹಿಳೆಯರಿಗೆ ಮುಂದಿನ ಸೀಟು ಮೀಸಲಿಟ್ಟಿರುವುದನ್ನು ಕೂರುವ ಸೌಕರ್ಯವೆಂದು ಲೆಕ್ಕ ಹಾಕುತ್ತೇವೆ. ನನ್ನ ಲೆಕ್ಕದಲ್ಲಿ ಅದು ಯೋಚಿಸಲು ಸಿಕ್ಕ ಜಾಗ ಕೂಡ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಮುಂದಿನ ಅರ್ಧದಲ್ಲಿ ಜನ ಹೆಚ್ಚಾದರು, ಕಾಲಿಡಲು ಜಾಗ ಕಡಿಮೆಯಾಯಿತು. ಸುತ್ತ ಹೆಂಗಸರೇ ತುಂಬಿರುವುದರಿಂದ ಆ ಕಾವಲಿನ ಕೆಲಸವೂ ಕಡಿಮೆಯಾಯಿತು.

ಇಷ್ಟು ಅನುಕೂಲ ಸಿಕ್ಕಮೇಲೆ ಮನಸ್ಸು ಹೋಗುವುದೆಲ್ಲಿಗೆ? ಹಗಲುಗನಸು ಎಂದ ಕೂಡಲೇ ಹಳೆಯ ದಿನಗಳು, ಊರಿನ ಹೊಳೆ, ಶಾಲೆಯ ಅಂಗಳ ಎಂದು ನಾವು ಊಹಿಸುತ್ತೇವೆ. ಸಂಶೋಧಕರು ಜನರನ್ನು ನಡುವೆ ತಡೆದು 'ಈಗ ಏನು ಯೋಚಿಸುತ್ತಿದ್ದಿರಿ' ಎಂದು ಕೇಳಿದಾಗ ಸಿಕ್ಕಿರುವ ಉತ್ತರ ಬೇರೆ. ಹಗುರ ಕೆಲಸದ ನಡುವೆ ಅಲೆಯುವ ಮನಸ್ಸು ಹಿಂದಕ್ಕಿಂತ ಹೆಚ್ಚಾಗಿ ಮುಂದಕ್ಕೆ ಹೋಗುತ್ತದೆ: ಇವತ್ತು ಸಂಜೆ, ನಾಳೆ, ಮುಂದಿನ ತಿಂಗಳು. ನನ್ನ ಪಕ್ಕ ಆಗಾಗ ನಿಲ್ಲುವ ಒಬ್ಬ ಹೆಂಗಸು ಕಲ್ಯಾಣ ನಗರದಲ್ಲಿ ಹತ್ತುತ್ತಾರೆ. ಬಲಗೈ ಕಂಬಿಯ ಮೇಲೆ. ಎಡಗೈಯ ಹೆಬ್ಬೆರಳು ಕಿರುಬೆರಳಿನ ಗೆಣ್ಣಿನಿಂದ ಹೊರಟು ಒಂದೊಂದೇ ಗೆಣ್ಣು ಮುಟ್ಟುತ್ತ ತೋರುಬೆರಳಿಗೆ ಬರುತ್ತದೆ, ಅಲ್ಲಿ ನಿಲ್ಲುತ್ತದೆ, ಎರಡು ಗೆಣ್ಣು ಹಿಂದಕ್ಕೆ ಹೋಗುತ್ತದೆ. ತುಟಿ ಅಲುಗುತ್ತಿರುತ್ತದೆ. ಒಂದು ದಿನ ನನ್ನ ನೋಟ ಅವರಿಗೆ ತಿಳಿದು ನಕ್ಕರು. "ಚೀಟಿ ದುಡ್ಡು ಕಣಮ್ಮ, ಈ ತಿಂಗಳು ಎತ್ಕೊಂಡ್ರೆ ಮಗಳ ಫೀಸ್‌ಗೆ ಆಗುತ್ತೆ, ಬಿಟ್ರೆ ಜಾಸ್ತಿ ಸಿಗುತ್ತೆ. ಮನೇಲಿ ಯಾರು ಯೋಚ್ನೆ ಮಾಡೋಕೆ ಬಿಡ್ತಾರೆ?" ಎಂದರು. ಅವರು ಹೇಳಿದ್ದೇ ನಿಜ. ಮನೆಯಲ್ಲಿ ಕರೆಯುವವರಿದ್ದಾರೆ, ಕೆಲಸದಲ್ಲಿ ನೋಡುತ್ತಿರುವವರಿದ್ದಾರೆ. ಬಸ್ಸಿನಲ್ಲಿ ಅಷ್ಟು ಜನ ಇದ್ದೂ ಯಾರಿಗೂ ನಮ್ಮಿಂದ ಏನೂ ಬೇಕಿಲ್ಲ, "ಅಕ್ಕಾ, ನೆಕ್ಸ್ಟ್ ಇಳೀತೀರಾ?" ಎಂಬ ಒಂದು ಪ್ರಶ್ನೆಗೆ ಉತ್ತರ ಬಿಟ್ಟರೆ.

ಅಲೆಯುವ ಮನಸ್ಸಿಗೆ ಇನ್ನೊಂದು ಮುಖವೂ ಇದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ಜನರಿಗೆ ಐಫೋನಿನ ಮೂಲಕ ದಿನದಲ್ಲಿ ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಕಳಿಸಿ, ಏನು ಮಾಡುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ, ಹೇಗನ್ನಿಸುತ್ತಿದೆ ಎಂದು ಕೇಳಿದರು. 2010ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ಸುಮಾರು ಶೇ 47ರಷ್ಟು ಸಲ ಜನರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಹಾಗೆ ಅಲೆದಾಗ ಅವರು ಒಟ್ಟಿನಲ್ಲಿ ಕಡಿಮೆ ಸಂತೋಷದಲ್ಲಿದ್ದರು. ಹಿತವಾದ ವಿಷಯ ಯೋಚಿಸುತ್ತಿದ್ದರೂ ಕೆಲಸದಲ್ಲೇ ಮನಸ್ಸಿಟ್ಟವರಿಗಿಂತ ಹೆಚ್ಚು ಖುಷಿಯಾಗಿರಲಿಲ್ಲ, ಅಹಿತವಾದದ್ದನ್ನು ಯೋಚಿಸುತ್ತಿದ್ದವರಂತೂ ತೀರಾ ಕುಗ್ಗಿದ್ದರು. ಬಸ್ಸಿನಲ್ಲಿ ಈ ಎರಡನೆಯ ಬಗೆ ನಮಗೆಲ್ಲ ಪರಿಚಿತ. ನಿನ್ನೆ ಮೇಲಧಿಕಾರಿ ಆಡಿದ ಮಾತು, ಅದಕ್ಕೆ ನಾವು ಕೊಡಬೇಕಿದ್ದ ಉತ್ತರ, ಮತ್ತೆ ಅವರ ಮಾತು, ಮತ್ತೆ ನಮ್ಮ ಉತ್ತರ. ಬಸ್ಸು ಬಾಬುಸಾಪಾಳ್ಯದಿಂದ ಮಾರತಹಳ್ಳಿಗೆ ಬಂದಿರುತ್ತದೆ, ಯೋಚನೆ ಹೊರಟಲ್ಲೇ ನಿಂತಿರುತ್ತದೆ.

ಅಲೆಯುವುದಕ್ಕೂ ಗಿರಕಿ ಹೊಡೆಯುವುದಕ್ಕೂ ಇರುವ ವ್ಯತ್ಯಾಸ ಪತ್ತೆ ಹಚ್ಚುವುದು ಕಷ್ಟವಲ್ಲ. ಐದು ನಿಮಿಷದ ಹಿಂದೆ ಏನು ಯೋಚಿಸುತ್ತಿದ್ದೆ ಎಂದು ಕೇಳಿಕೊಂಡರೆ ಸಾಕು. ಬೇರೆ ವಿಷಯವಾಗಿದ್ದರೆ ಅದು ಅಲೆದಾಟ. ಅದೇ ವಿಷಯ, ಅದೇ ವಾಕ್ಯ, ದವಡೆಯೂ ಬಿಗಿದಿದ್ದರೆ ಗಿರಕಿ.

ಗಿರಕಿ ಯಾಕೆ ಹುಟ್ಟುತ್ತದೆ ಎಂಬುದನ್ನು ತೋರಿಸಲು ಬಸ್ಸಿನಲ್ಲೇ ಚಿಕ್ಕದೊಂದು ನಿದರ್ಶನ ಇದೆ. ಪ್ರಯಾಣಿಕನೊಬ್ಬ ನೂರರ ನೋಟು ಕೊಡುತ್ತಾನೆ. ಕಂಡಕ್ಟರ್ ಬಳಿ ಚಿಲ್ಲರೆ ಇಲ್ಲ. ಟಿಕೆಟಿನ ಹಿಂದೆ 70 ಎಂದು ಗೀಚಿ "ಇಳಿಯುವಾಗ ಇಸ್ಕೊಳ್ಳಿ" ಎಂದು ಮುಂದೆ ಹೋಗುತ್ತಾರೆ. ಆ ಗಳಿಗೆಯಿಂದ ಆ ಪ್ರಯಾಣಿಕನನ್ನು ನೋಡಿ. ಕಂಡಕ್ಟರ್ ಎಲ್ಲಿದ್ದಾರೆ ಎಂದು ತಲೆ ಹೊರಳುತ್ತಿರುತ್ತದೆ, ಟಿಕೆಟ್ ಜೇಬಿನಲ್ಲೇ ಇದೆಯೇ ಎಂದು ಕೈ ಹೋಗಿ ಬರುತ್ತಿರುತ್ತದೆ. ಕಿಟಕಿಯಾಚೆ ನೋಡಿದರೂ ಮನಸ್ಸು ಎಪ್ಪತ್ತು ರೂಪಾಯಿಗೆ ಕಟ್ಟಿಕೊಂಡಿರುತ್ತದೆ. ದುಡ್ಡು ಕೈಗೆ ಬಂದಮೇಲೆಯೇ ಅವನ ಕಣ್ಣು ದೂರ ಹೋಗುವುದು. ಮುಗಿಯದ ಕೆಲಸ ತಲೆಯಲ್ಲಿ ಹೀಗೆ ತಟ್ಟುತ್ತಲೇ ಇರುತ್ತದೆ ಎಂಬುದನ್ನು ಬರ್ಲಿನ್ನಿನಲ್ಲಿ ಓದುತ್ತಿದ್ದ ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಷ್ಟು ಹಿಂದೆಯೇ ಬರೆದರು. ಅದಕ್ಕಿಂತ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು 2011ರಲ್ಲಿ ಇ. ಜೆ. ಮಸಿಕಾಂಪೊ ಮತ್ತು ರಾಯ್ ಬೌಮೈಸ್ಟರ್ ತೋರಿಸಿದ್ದು. ಬಾಕಿ ಉಳಿದ ಕೆಲಸ ಬೇರೆ ಕೆಲಸದ ನಡುವೆ ತಲೆ ಹಾಕುತ್ತದೆ, ಸರಿ. ಅದನ್ನು ನಿಲ್ಲಿಸಲು ಕೆಲಸ ಮುಗಿಸಲೇಬೇಕೆಂದಿಲ್ಲ. ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆ ಎಂದು ನಿಖರವಾಗಿ ಗೊತ್ತು ಮಾಡಿಕೊಂಡರೂ ಅದು ಸುಮ್ಮನಾಗುತ್ತದೆ.

ಇದನ್ನು ನಾನು ಬಸ್ಸಿನಲ್ಲಿ ಹೀಗೆ ಬಳಸುತ್ತೇನೆ. ಮೇಲಧಿಕಾರಿಯ ಮಾತು ಮೂರನೆಯ ಸಲ ಸುತ್ತಿ ಬಂದಾಗ 'ಇದನ್ನು ಮರೆಯಬೇಕು' ಎಂದುಕೊಂಡರೆ ಪ್ರಯೋಜನವಿಲ್ಲ. 'ಇವತ್ತು ಊಟದ ಬಿಡುವಾದ ಮೇಲೆ ಅವರ ಟೇಬಲ್ ಹತ್ತಿರ ಹೋಗಿ, ನಿನ್ನೆಯ ಆ ಫೈಲ್ ನನ್ನ ಕೈಗೆ ಬಂದದ್ದೇ ಸಂಜೆ ಐದಕ್ಕೆ ಎಂದು ಹೇಳುತ್ತೇನೆ' ಎಂಬಷ್ಟು ಗೊತ್ತು ಮಾಡಿಕೊಳ್ಳಬೇಕು. ಹೊತ್ತು, ಜಾಗ, ಮೊದಲ ವಾಕ್ಯ. ಎಲ್ಲ ಸಂಕಟಕ್ಕೂ ಇದು ನಡೆಯದು. ಆಸ್ಪತ್ರೆಯಲ್ಲಿ ಮಲಗಿರುವ ಅಪ್ಪನ ಚಿಂತೆಗೆ ಹೊತ್ತು ಗೊತ್ತುಮಾಡಲು ಬರುವುದಿಲ್ಲ. ಅಂಥ ದಿನ ಪಕ್ಕದವರ ಜೊತೆ ನಾಲ್ಕು ಮಾತಾಡುವುದೇ ವಾಸಿ.

ಬಸ್ಸಿನಲ್ಲಿ ಹೊಳೆದ ಯೋಚನೆಗಳಲ್ಲಿ ಎಲ್ಲರಿಗಿಂತ ಹೆಸರಾದದ್ದು ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕಾರೆಯದು. ಆತ ಕಾನ್ ಎಂಬ ಊರಿನಲ್ಲಿ ಪಾಠ ಹೇಳುತ್ತಿದ್ದ ಕಾಲ. ಒಂದು ಬಗೆಯ ಫಲನಗಳು ಇರಲು ಸಾಧ್ಯವೇ ಇಲ್ಲ ಎಂದು ಸಾಧಿಸಲು ಹದಿನೈದು ದಿನ ದಿನಾಲೂ ಮೇಜಿನ ಮುಂದೆ ಕೂತು ಗುದ್ದಾಡಿದ. ಒಂದು ರಾತ್ರಿ ನಿದ್ದೆ ಬಾರದೆ ಯೋಚಿಸುತ್ತ ಬೆಳಗಾಗುವಷ್ಟರಲ್ಲಿ, ಅವು ಇವೆ ಎಂಬುದೇ ಸಿದ್ಧವಾಯಿತು. ಆಮೇಲೆ ಭೂವಿಜ್ಞಾನದವರ ಜೊತೆ ಪ್ರವಾಸ ಹೊರಟ, ಗಣಿತ ಮರೆತೇಹೋಯಿತು. ಕುತಾಂಸ್ ಎಂಬ ಊರಿನಲ್ಲಿ ಕುದುರೆ ಬಸ್ಸು ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟ ಗಳಿಗೆಯಲ್ಲಿ, ಆ ಫಲನಗಳಿಗೂ ಯೂಕ್ಲಿಡನದಲ್ಲದ ಜ್ಯಾಮಿತಿಗೂ ಇರುವ ನಂಟು ಹೊಳೆಯಿತು. ಪರಿಶೀಲಿಸಲು ಪುರಸೊತ್ತಿರಲಿಲ್ಲ, ಪಕ್ಕದವರೊಡನೆ ನಿಲ್ಲಿಸಿದ್ದ ಮಾತು ಮುಂದುವರಿಸಿದ. ಊರಿಗೆ ಬಂದಮೇಲೆ ಸಾವಧಾನವಾಗಿ ಲೆಕ್ಕ ಮಾಡಿ ಸರಿಯೆಂದು ಕಂಡುಕೊಂಡ. 1908ರಲ್ಲಿ ಆತನೇ ಇದನ್ನು ಹೇಳಿಕೊಂಡಿದ್ದಾನೆ.

ಈ ಕಥೆಯನ್ನು ಹೇಳುವವರು ಮೆಟ್ಟಿಲ ಮೇಲಿನ ಗಳಿಗೆಯನ್ನೇ ಹೇಳುತ್ತಾರೆ, ಹದಿನೈದು ದಿನದ ಮೇಜಿನ ಕೆಲಸವನ್ನು ಬಿಡುತ್ತಾರೆ. ಬೇರ್ಡ್ ಅವರ ಪ್ರಯೋಗದಲ್ಲೂ ಇದೇ ಕಂಡಿತ್ತು: ಸುಧಾರಿಸಿದ್ದು ಬಿಡುವಿಗೆ ಮೊದಲೇ ತಲೆಗೆ ಹಾಕಿಕೊಂಡಿದ್ದ ಪ್ರಶ್ನೆಗಳ ಉತ್ತರ ಮಾತ್ರ. ಹೊಸ ಪ್ರಶ್ನೆಗೆ ಅಲೆದಾಟದಿಂದ ಏನೂ ಸಿಗಲಿಲ್ಲ. ಆದ್ದರಿಂದ ಬರೆಯಬೇಕಾದ ಅರ್ಜಿಯೋ ಮಗನಿಗೆ ಅರ್ಥ ಮಾಡಿಸಬೇಕಾದ ಲೆಕ್ಕವೋ ಇದ್ದರೆ ಮನೆ ಬಿಡುವ ಮುಂಚೆ ಐದು ನಿಮಿಷ ಅದರ ಮುಂದೆ ಕೂತು, ಎಲ್ಲಿ ಸಿಕ್ಕಿಕೊಂಡಿದೆ ಎಂಬಷ್ಟನ್ನು ನೋಡಿಕೊಂಡು ಬಸ್ಸು ಹತ್ತಬೇಕು. ಸ್ಟಾಪಿನಲ್ಲಿ ನಿಂತು 'ಈಗ ಯೋಚಿಸೋಣ' ಎಂದುಕೊಂಡರೆ ಬರುವುದಿಲ್ಲ.

ಇಷ್ಟು ದೂರ ಹೋದ ಮನಸ್ಸು ನಮ್ಮ ಸ್ಟಾಪಿಗೆ ಸರಿಯಾಗಿ ಹೇಗೆ ವಾಪಸ್ಸು ಬರುತ್ತದೆ ಎಂಬುದೂ ಸೋಜಿಗವೇ. ಕಂಡಕ್ಟರ್ ಹತ್ತಾರು ಹೆಸರು ಕೂಗಿರುತ್ತಾರೆ, ಒಂದೂ ಕೇಳಿರುವುದಿಲ್ಲ. "ಕಾಡುಬೀಸನಹಳ್ಳಿ ಯಾರ್ರೀ?" ಎಂದಾಗ ಅಲ್ಲಿ ಇಳಿಯುವವರ ತಲೆ ಥಟ್ಟನೆ ಎದ್ದುಬಿಡುತ್ತದೆ. ಗಮನ ಕೊಡದ ಮಾತುಗಳಲ್ಲೂ ನಮಗೆ ಸಂಬಂಧಿಸಿದ ಹೆಸರನ್ನು ಕಿವಿ ಹೆಕ್ಕಿಕೊಳ್ಳುತ್ತದೆ. ಇಂಗ್ಲೆಂಡಿನ ನೆವಿಲ್ ಮೊರೆ 1959ರಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಕಿವಿಯ ಮಾತನ್ನಷ್ಟೇ ಕೇಳಬೇಕು ಎಂದು ಹೇಳಿ, ಇನ್ನೊಂದು ಕಿವಿಯಲ್ಲಿ ಅವರದೇ ಹೆಸರು ನುಡಿಸಿದರು. ಸುಮಾರು ಮೂರರಲ್ಲಿ ಒಬ್ಬರಿಗೆ ಅದು ಕೇಳಿಸಿತು. ಉಳಿದವರಿಗೆ ಇಲ್ಲ. ಸ್ಟಾಪು ತಪ್ಪಿಸಿಕೊಳ್ಳುವವರು ಯಾವ ಬಸ್ಸಿನಲ್ಲೂ ಇದ್ದೇ ಇರುವುದು ಇದಕ್ಕೇ.

ದಿನವೂ ಇಳಿಯುವ ಜಾಗವಾದರೆ ಕಿವಿಯ ಜೊತೆ ಮೈಯೂ ನೆರವಿಗೆ ಬರುತ್ತದೆ. ಫ್ಲೈಓವರಿನ ಏರು, ಆಮೇಲಿನ ತಿರುವು, ಹಂಪಿನಲ್ಲಿ ಬೀಳುವ ಪೆಟ್ಟು, ಇವೆಲ್ಲ ಗುರುತುಗಳೇ. ಎಡವಟ್ಟಾಗುವುದು ಅಪರೂಪಕ್ಕೆ ಬೇರೆ ಕಡೆ ಇಳಿಯಬೇಕಾದ ದಿನ. ಔಷಧಿ ತರಲು ಎರಡು ಸ್ಟಾಪು ಮೊದಲೇ ಇಳಿಯಬೇಕಿತ್ತು, ಕಾಲು ಮಾಮೂಲಿ ಜಾಗದಲ್ಲೇ ಇಳಿಸಿಬಿಟ್ಟಿತು. ಅಂಥ ದಿನ 'ಇವತ್ತು ಬೇಗ ಇಳಿಯಬೇಕು' ಎಂದಷ್ಟೇ ಅಂದುಕೊಂಡರೆ ಸಾಲದು, ಅದಕ್ಕೆ ದಾರಿಯಲ್ಲಿ ಕಾಣುವ ಗುರುತೊಂದನ್ನು ಗಂಟು ಹಾಕಬೇಕು. 'ಇಬ್ಬಲೂರಿನ ಕೆರೆ ಕಂಡ ಕೂಡಲೇ ಬಾಗಿಲ ಕಡೆ ಸರಿಯುತ್ತೇನೆ' ಎಂಬಂತೆ. ಬಸ್ಸಿನಿಂದ ಕಾಣುವುದೊಂದು ನೆನಪಿಸಿದರೆ ಕೆಲಸ ಆಗುತ್ತದೆ. ಗಡಿಯಾರ ನೆನಪಿಸಲಿ ಎಂದು ಬಿಟ್ಟರೆ ಸಂಚಾರ ದಟ್ಟಣೆಯಲ್ಲಿ ಗಡಿಯಾರಕ್ಕೂ ಬಸ್ಸಿಗೂ ಸಂಬಂಧವೇ ಇರುವುದಿಲ್ಲ.

ಈಗ ಕಂಬಿ ಹಿಡಿಯದ ಇನ್ನೊಂದು ಕೈಯಲ್ಲಿ ಫೋನು ಇರುತ್ತದೆ. ಅದನ್ನು ನಾನು ದೂರುವುದಿಲ್ಲ. ದಿನವೆಲ್ಲ ದುಡಿದು ಸಂಜೆ ವಾಪಸ್ಸಾಗುವಾಗ ನಗಿಸುವ ವಿಡಿಯೊ ನೋಡುವವರಿಗೆ ಅದರ ಅಗತ್ಯವಿದೆ. ಆದರೆ ಒಂದಾದ ಮೇಲೊಂದು ಬರುವ ವಿಡಿಯೊ ಆ 'ಸ್ವಲ್ಪವೇ ಕೆಲಸ'ದ ಅಳತೆಯನ್ನು ಮೀರಿಬಿಡುತ್ತದೆ, ಯೋಚನೆಗೆ ಬಿಟ್ಟಿದ್ದ ಜಾಗವನ್ನು ತಾನೇ ತುಂಬುತ್ತದೆ. ಹಾಡು ಕೇಳುವವರಲ್ಲಿ ಹಾಗಾಗುವುದಿಲ್ಲ, ಕಣ್ಣು ಬಿಡುವಾಗಿರುತ್ತದೆ. ಜೊತೆಗೆ, ತೂಗಾಡುವ ಬಸ್ಸಿನಲ್ಲಿ ಪರದೆ ನೋಡುತ್ತಿದ್ದರೆ ಹಲವರಿಗೆ ಹೊಟ್ಟೆ ತೊಳಸುತ್ತದೆ. ಪರದೆ ನೆಟ್ಟ ಕಣ್ಣು ಎಲ್ಲ ನಿಂತಿದೆ ಎನ್ನುತ್ತದೆ, ಒಳಕಿವಿ ಚಲಿಸುತ್ತಿದೆ ಎನ್ನುತ್ತದೆ. ಕಿಟಕಿಯಾಚೆ ದೂರಕ್ಕೆ ನೋಡಿದರೆ ಈ ಜಗಳ ಇರುವುದಿಲ್ಲ.

ಕೊನೆಗೆ ಉಳಿಯುವ ತೊಂದರೆ ಒಂದೇ. ಅಗರ ದಾಟುವಾಗ ಅಷ್ಟು ಸ್ಪಷ್ಟವಾಗಿದ್ದ ಯೋಚನೆ ಸಿಲ್ಕ್ ಬೋರ್ಡಿನಲ್ಲಿ ಇಳಿದು ರಸ್ತೆ ದಾಟುವಷ್ಟರಲ್ಲಿ ಹೋಗಿರುತ್ತದೆ. ನೆನಪು ತಾನು ಹುಟ್ಟಿದ ಜಾಗಕ್ಕೆ ಅಂಟಿಕೊಂಡಿರುತ್ತದೆ. 1975ರಲ್ಲಿ ಡಂಕನ್ ಗಾಡನ್ ಮತ್ತು ಆಲನ್ ಬ್ಯಾಡ್ಲಿ ಮುಳುಗುಗಾರರಿಗೆ ನೀರಿನಡಿಯಲ್ಲಿ ಒಂದಷ್ಟು ಪದ ಕಲಿಸಿದಾಗ, ದಡದಲ್ಲಿ ಕೇಳಿದ್ದಕ್ಕಿಂತ ಮತ್ತೆ ನೀರಿನಡಿಯಲ್ಲಿ ಕೇಳಿದಾಗ ಹೆಚ್ಚು ನೆನಪಿಗೆ ಬಂದವು. ಬಸ್ಸಿನ ಗದ್ದಲ, ಕಂಬಿಯ ತಣ್ಣನೆ ಸ್ಪರ್ಶ, ಎದುರಿನವರ ಮಲ್ಲಿಗೆಯ ಘಮ, ಎಲ್ಲವೂ ಒಟ್ಟಿಗೆ ಕಳಚಿದಾಗ ಯೋಚನೆಯ ಎಳೆಯೂ ಕೈತಪ್ಪುತ್ತದೆ. ಮರುದಿನ ಅದೇ ತಿರುವಿನಲ್ಲಿ ಥಟ್ಟನೆ ವಾಪಸ್ಸು ಬರುವುದೂ ಉಂಟು. ಅದನ್ನು ನಂಬಿ ಕೂರುವುದಕ್ಕಿಂತ, ಇಳಿಯುವ ಒಂದು ಸ್ಟಾಪು ಮೊದಲು, ಬಾಗಿಲ ಕಡೆ ಸರಿಯುವ ಮುಂಚೆ, ಬರೆದಿಡುವುದು ಒಳ್ಳೆಯದು. ಇಡೀ ಯೋಚನೆಯನ್ನು ಬರೆಯಲು ಹೋದರೆ ಆಗುವುದಿಲ್ಲ, ಒಂದು ಕೈಯಲ್ಲಿ ಅಷ್ಟು ಸಾಧ್ಯವಿಲ್ಲ. ಫೋನಿನಲ್ಲಿ ತನಗೆ ತಾನೇ ಕಳಿಸಿಕೊಳ್ಳುವ ಮೆಸೇಜಿನಲ್ಲಿ ಎರಡು ಪದ ಸಾಕು. ಆದರೆ ಅವು ಹೆಸರುಗಳಾಗಿರಬೇಕು. 'ಒಳ್ಳೆ ಐಡಿಯಾ' ಎಂದು ಬರೆದುಕೊಂಡರೆ ಸಂಜೆ ಅದರಿಂದ ಏನೂ ಸಿಗುವುದಿಲ್ಲ. 'ಚೀಟಿ, ಆಗಸ್ಟ್' ಎಂದಿದ್ದರೆ ಉಳಿದದ್ದೆಲ್ಲ ಹಿಂದೆಯೇ ಬರುತ್ತದೆ.